ಹೆಸರು ಖರೀದಿ, ಒಳಗೆ ಒತ್ತಿ: ಮುದ್ದತ್ ಖರೀದಿ ಪತ್ರ ಮತ್ತು ನಾಲ್ಕು ಆಯ್ಕೆಗಳ ಗೊಂದಲ

(ಬಾಗಲಕೋಟೆಯ ನವನಗರದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೆನ್ನು ಆಮೇಲೆ ತೆಗೆಯಿರಿ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಕೈ ಎತ್ತಿದರೆ ಸಾಕು.

ಕೆಳಗಿನ ಯಾವುದಕ್ಕೆ ಕನಿಷ್ಠ ಇಬ್ಬರು ಸಾಕ್ಷಿದಾರರ ಸಹಿ ಇರಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ? ಅ) ಹತ್ತು ಲಕ್ಷದ ಮನೆಯ ಮಾರಾಟ. ಆ) ಮೂರು ವರ್ಷದ ಬಾಡಿಗೆ ಕರಾರು. ಇ) ಎಂಬತ್ತು ರೂಪಾಯಿ ಬೆಲೆಯ ಖುಲ್ಲಾ ಜಾಗದ ದಾನ. ಈ) ಮೇಲಿನ ಎಲ್ಲವೂ.

ನೋಡಿ, ಮುಕ್ಕಾಲು ಭಾಗ ಕೈಗಳು 'ಈ'ಗೆ ಎದ್ದವು. ಉಳಿದವರು ಮಾರಾಟಕ್ಕೆ ಎತ್ತಿದಿರಿ. ಎಂಬತ್ತು ರೂಪಾಯಿ ಜಾಗಕ್ಕೆ ಕೈ ಎತ್ತಿದವರು ಮೂರೇ ಜನ, ಅದೂ ಅರ್ಧ ಕೈ. ಸರಿ ಉತ್ತರ ಅದೇ.

ಮಾರಾಟಕ್ಕೆ ಸಾಕ್ಷಿ ಬೇಕು ಅಂತ ನಿಮಗೆ ಯಾಕೆ ಅನಿಸಿತು? ನೀವು ನೋಡಿದ ಖರೀದಿ ಪತ್ರಗಳಲ್ಲೆಲ್ಲ ಕೊನೆಯ ಪುಟದಲ್ಲಿ 'ಸಾಕ್ಷಿದಾರರು' ಅಂತ ಬರೆದು ಇಬ್ಬರ ಸಹಿ ಹಾಕಿಸಿರುತ್ತಾರೆ. ಅದು ಬರೆಯುವವರ ರೂಢಿ, ಮತ್ತು ಒಳ್ಳೆಯ ರೂಢಿ. ಆದರೆ ಮಾರಾಟದ 54ನೇ ಕಲಂ ಓದಿ ನೋಡಿ, ಅಲ್ಲಿ ಸಾಕ್ಷಿಯ ಮಾತೇ ಇಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯಾದರೆ ನೋಂದಾಯಿತ ಪತ್ರ ಬೇಕು ಅನ್ನುತ್ತದೆ, ಅಷ್ಟೇ. ಗುತ್ತಿಗೆಯ 107ನೇ ಕಲಮಿನಲ್ಲೂ ಸಾಕ್ಷಿ ಇಲ್ಲ. ಅಲ್ಲಿ ಬೇರೆ ಬೇಡಿಕೆ ಇದೆ. ನೋಂದಾಯಿತ ಗುತ್ತಿಗೆ ಪತ್ರಕ್ಕೆ ಕೊಡುವವನೂ ತೆಗೆದುಕೊಳ್ಳುವವನೂ ಇಬ್ಬರೂ ಸಹಿ ಹಾಕಬೇಕು. ಸಾಕ್ಷಿದಾರರನ್ನು ಹೆಸರೆತ್ತಿ ಕೇಳುವುದು ಎರಡೇ ಕಡೆ: ಅಡಮಾನದ 59ನೇ ಕಲಂ, ದಾನದ 123ನೇ ಕಲಂ.

ಎಂಬತ್ತು ರೂಪಾಯಿ ಅಂತ ಯಾಕೆ ಹಾಕಿದೆ ಅಂದರೆ, ನೂರು ರೂಪಾಯಿಯ ಗಡಿ ನಿಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 1882ರಲ್ಲಿ ಬರೆದ ನೂರು ರೂಪಾಯಿ ಇವತ್ತಿಗೂ ಹಾಗೇ ಇದೆ. ಆದರೆ ಅದು ಮಾರಾಟದ್ದು ಮತ್ತು ಅಡಮಾನದ್ದು. ದಾನಕ್ಕೆ ಆ ಗಡಿಯೇ ಇಲ್ಲ. ಸ್ಥಿರಾಸ್ತಿ ದಾನ ಎಂಬತ್ತು ರೂಪಾಯಿದಾದರೂ ನೋಂದಣಿ ಬೇಕು, ಇಬ್ಬರು ಸಾಕ್ಷಿ ಬೇಕು. (ಮುಸ್ಲಿಂ ಕಾನೂನಿನ ಹಿಬಾ ಬೇರೆ. 129ನೇ ಕಲಂ ಅದನ್ನು ಈ ಅಧ್ಯಾಯದಿಂದ ಹೊರಗಿಟ್ಟಿದೆ.) ಗುತ್ತಿಗೆಗೂ ರೂಪಾಯಿ ಗಡಿ ಇಲ್ಲ. ಅಲ್ಲಿ ಅಳತೆ ಕಾಲದ್ದು. ಒಂದು ವರ್ಷ ಮೀರಿದರೆ, ವರ್ಷದಿಂದ ವರ್ಷಕ್ಕೆ ನಡೆಯುವಂತಿದ್ದರೆ, ಇಲ್ಲವೇ ವರ್ಷದ ಬಾಡಿಗೆ ಅಂತ ಗೊತ್ತುಮಾಡಿದ್ದರೆ ನೋಂದಣಿ ಬೇಕು. ನಿಮ್ಮ ರೂಮಿನ ಮಾಲೀಕರು ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳುವುದು ಸುಮ್ನೆ ಅಲ್ಲ.

ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಯನ್ನು ಸೃಷ್ಟಿಸುವ ರೀತಿ ಇದೇ. ಶುದ್ಧ ಸುಳ್ಳು ಬರೆದರೆ ನೀವು ಕಣ್ಣು ಹಾಯಿಸಿದ ಕೂಡಲೇ ಬಿಟ್ಟುಬಿಡುತ್ತೀರಿ. ಅದಕ್ಕೆ ಅವರು ಪಕ್ಕದ ಮನೆಯ ಪಾತ್ರೆ ತಂದು ಈ ಮನೆಯ ಅಡುಗೆಮನೆಯಲ್ಲಿ ಇಡುತ್ತಾರೆ. ಪಾತ್ರೆ ಅಸಲಿಯೇ, ಆದರೆ ಈ ಮನೆಯದಲ್ಲ. 'ನೂರು ರೂಪಾಯಿಗಿಂತ ಕಡಿಮೆ ಇದ್ದರೆ ಕಬ್ಜಾ ಕೊಟ್ಟರೆ ಸಾಕು' ಎಂಬ ಮಾತು ಮಾರಾಟದಲ್ಲಿ ನಿಜ. ಅದನ್ನೇ ದಾನದ ಕೆಳಗೆ ಬರೆದರೆ ಓದಿದ ನೆನಪು ಬರುತ್ತದೆ, ಗುರುತು ಹಾಕಿಬಿಡುತ್ತೀರಿ.

ಈ ಸಾಕ್ಷಿ ವಿಷಯದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ವಕೀಲಿಕೆಯ ಎರಡನೇ ವರ್ಷ ಒಂದು ದಾನ ಪತ್ರ ಬರೆದೆ. ನಮ್ಮ ಕಡೆ ಹಿರಿಯರು ಅದನ್ನು ಬಕ್ಷೀಸ್ ಪತ್ರ ಅನ್ನುತ್ತಾರೆ. ಹಳೆಯ ಖರೀದಿ ಪತ್ರದ ನಮೂನೆ ಎದುರಿಗಿಟ್ಟುಕೊಂಡು ಬರೆದಿದ್ದೆ. ಒಬ್ಬ ಸಾಕ್ಷಿಯ ಸಹಿ ಪತ್ರದಲ್ಲಿ ಆಯಿತು. ಇನ್ನೊಬ್ಬರು ನೋಂದಣಿ ಹೊತ್ತಿಗೆ ಬಂದರು, ಗುರುತಿಸುವವರ ಜಾಗದಲ್ಲಿ ಸಹಿ ಹಾಕಿ ಹೋದರು. 'ಇವರೇ ದಾನ ಕೊಡುವವರು, ನನಗೆ ಗೊತ್ತು' ಅಂತ ಹೇಳುವ ಸಹಿ ಬೇರೆ. 'ಇವರು ಸಹಿ ಹಾಕಿದ್ದನ್ನು ಕಂಡೆ, ಅದಕ್ಕೆ ಸಾಕ್ಷಿಯಾಗಿ ಹಾಕುತ್ತಿದ್ದೇನೆ' ಅಂತ ಹೇಳುವ ಸಹಿ ಬೇರೆ. ನಾಲ್ಕು ವರ್ಷದ ಮೇಲೆ ದಾನ ಕೊಟ್ಟವರ ಅಣ್ಣನ ಮಕ್ಕಳು ದಾವೆ ಹೂಡಿದಾಗ ಎದುರು ವಕೀಲರು ಮೊದಲು ಬೆರಳು ಇಟ್ಟದ್ದೇ ಅಲ್ಲಿ. ಆ ಎರಡನೇ ಸಹಿ ಸಾಕ್ಷಿ ಸಹಿಯೂ ಹೌದು ಅಂತ ವಾದಿಸುತ್ತಾ ನಾನು ಎಷ್ಟು ಬೆವರಿದೆ ಅಂತ ನನಗೇ ಗೊತ್ತು.

ಈಗ ನಾಲ್ಕೂ ವ್ಯವಹಾರಗಳಿಗೆ ಬರೋಣ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಕೈ ಬದಲಾಗುವುದು ಏನು? ಮಾರಾಟದಲ್ಲಿ ಮಾಲೀಕತ್ವವೇ ಹೋಗುತ್ತದೆ, ಬದಲಿಗೆ ಹಣ ಬರುತ್ತದೆ ಅಥವಾ ಕೊಡುವ ಮಾತು ಬರುತ್ತದೆ. ದಾನದಲ್ಲೂ ಮಾಲೀಕತ್ವ ಹೋಗುತ್ತದೆ, ಬದಲಿಗೆ ಏನೂ ಬರುವುದಿಲ್ಲ. ಗುತ್ತಿಗೆಯಲ್ಲಿ ಅನುಭವಿಸುವ ಹಕ್ಕು ಮಾತ್ರ ಹೋಗುತ್ತದೆ. ಅಡಮಾನದಲ್ಲಿ, ಅಂದರೆ ನಮ್ಮ ಒತ್ತಿ ಅಥವಾ ಗಹಾಣದಲ್ಲಿ, ಸಾಲಕ್ಕೆ ಭದ್ರತೆಯಾಗಿ ಆ ಆಸ್ತಿಯಲ್ಲಿ ಒಂದು ಹಿತ ಮಾತ್ರ ಹೋಗುತ್ತದೆ. 'ಹಿತ' ಅನ್ನುವ ಪದ ಇಂಥ ಪ್ರಶ್ನೆಗಳಲ್ಲಿ ಬಹಳ ಕೆಲಸ ಮಾಡುತ್ತದೆ. 'ಅಡಮಾನ ಎಂದರೆ ಸಾಲದ ಭದ್ರತೆಗಾಗಿ ಮಾಲೀಕತ್ವದ ವರ್ಗಾವಣೆ' ಅಂತ ಒಂದು ಆಯ್ಕೆ ಬರುತ್ತದೆ. ಓದಲು ಚೆನ್ನಾಗಿದೆ, ಸಾಲ ಇದೆ, ಭದ್ರತೆ ಇದೆ. ಆದರೆ 58ನೇ ಕಲಂ ಹೇಳುವುದು ಹಿತದ ವರ್ಗಾವಣೆ.

ಇಷ್ಟಕ್ಕೇ ನಿಲ್ಲಿಸಿದರೆ ನಾಲ್ಕು ಮನೆ, ನಾಲ್ಕು ಗೋಡೆ, ಯಾರಿಗೂ ಗೊಂದಲ ಇಲ್ಲ. ತೊಂದರೆ ಶುರುವಾಗುವುದು ಕಾಯ್ದೆಯೇ ಗೋಡೆಯಲ್ಲಿ ಬಾಗಿಲು ಇಟ್ಟ ಕಡೆ. ಆ ಬಾಗಿಲಿನ ಹೆಸರು ನಿಮ್ಮ ಅಜ್ಜ ಅಜ್ಜಿಗೆ ಗೊತ್ತು: ಮುದ್ದತ್ ಖರೀದಿ. ಪುಸ್ತಕದಲ್ಲಿ ಷರತ್ತು ಮಾರಾಟದ ಅಡಮಾನ ಅಂತ ಇರುತ್ತದೆ, 58ನೇ ಕಲಮಿನ (ಸಿ) ಖಂಡ. ಇವತ್ತಿನ ಉಳಿದ ಹೊತ್ತನ್ನೆಲ್ಲ ಇದಕ್ಕೇ ಕೊಡುತ್ತೇನೆ. ಯಾಕೆಂದರೆ ಮಾರಾಟ, ಅಡಮಾನ, ಗುತ್ತಿಗೆ ಮೂರೂ ಒಂದೇ ಕಾಗದದಲ್ಲಿ ಕಲಸಿಕೊಳ್ಳುವುದು ಇಲ್ಲಿಯೇ.

ಮುದ್ದತ್, ಖರೀದಿ, ಗಹಾಣ, ಕಬ್ಜಾ, ಉತಾರ: ಈ ಪದಗಳೆಲ್ಲ ಮುಂಬೈ ಇಲಾಖೆಯ ಕಾಲದವು. ಬಾಗಲಕೋಟೆ ಆಗ ವಿಜಯಪುರ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಇನ್ನೊಂದು ಸಂಗತಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಜುಲೈ 1ರಂದು ಜಾರಿಗೆ ಬಂದರೂ ಮುಂಬೈ ಇಲಾಖೆಗೆ ಬಂದದ್ದು 1893ರ ಜನವರಿ 1ಕ್ಕೆ. ಅಂದರೆ ಕಾಯ್ದೆ ಬರುವ ಮೊದಲೇ ಈ ವ್ಯವಹಾರಗಳು ಇಲ್ಲಿ ತಮ್ಮ ಹೆಸರಿನೊಂದಿಗೆ ನಡೆಯುತ್ತಿದ್ದವು.

ಒಂದು ಉದಾಹರಣೆ ಕಟ್ಟೋಣ. ಇಳಕಲ್ಲಿನಲ್ಲಿ ಒಬ್ಬ ನೇಕಾರ ಇದ್ದಾನೆ ಅಂತ ಇಟ್ಟುಕೊಳ್ಳಿ. ಎರಡು ಖೋಲಿಯ ಮನೆ, ಮುಂದಿನ ಖೋಲಿಯಲ್ಲಿ ಮಗ್ಗ. ಮನೆಯ ಬೆಲೆ ಒಂಬತ್ತು ಲಕ್ಷ. ಮಗಳ ಮದುವೆಗೆ ಮೂರು ಲಕ್ಷ ಬೇಕು. ಸಾವಕಾರ ಹಣ ಕೊಡಲು ಒಪ್ಪುತ್ತಾನೆ, ಆದರೆ ಒತ್ತಿ ಪತ್ರ ಬೇಡ ಅನ್ನುತ್ತಾನೆ. 'ಖರೀದಿ ಅಂತ ಬರೆಸೋಣು. ಐದು ವರ್ಷದಾಗ ರೊಕ್ಕ ಕೊಟ್ಟಿ ಅಂದ್ರ ಮನಿ ನಿಂದ ಐತಿ.' 2014ರ ಜೂನ್ 10ರಂದು ಪತ್ರ ನೋಂದಣಿ ಆಗುತ್ತದೆ. ತಲೆಬರಹ 'ಖರೀದಿ ಪತ್ರ'. ಬೆಲೆ ಮೂರು ಲಕ್ಷ. ಮೂರನೇ ಪುಟದಲ್ಲಿ ಒಂದು ಮಾತು: ಐದು ವರ್ಷದೊಳಗೆ ಮೂರು ಲಕ್ಷ ಮರಳಿ ಕೊಟ್ಟರೆ ಖರೀದಿದಾರ ಮನೆಯನ್ನು ಮರಳಿ ಬರೆದುಕೊಡತಕ್ಕದ್ದು, ಕೊಡದಿದ್ದರೆ ಖರೀದಿ ಕಾಯಂ ಆಗತಕ್ಕದ್ದು. ಇಬ್ಬರು ಸಾಕ್ಷಿದಾರರ ಸಹಿ ಇದೆ.

ನೇಕಾರ ಮನೆ ಬಿಡಲಿಲ್ಲ, ಮಗ್ಗವೂ ನಿಲ್ಲಲಿಲ್ಲ. ಪ್ರತಿ ತಿಂಗಳು ಸಾವಕಾರನಿಗೆ ಮೂರು ಸಾವಿರ ಕೊಡುತ್ತಾ ಬಂದ. ಅದಕ್ಕೆ ಬಾಡಿಗೆ ಅಂತ ಹೆಸರು. ನಗರಸಭೆಯ ಮನೆಪಟ್ಟಿಯನ್ನು ನೇಕಾರನೇ ತುಂಬಿದ. ಐದು ವರ್ಷ ಮುಗಿಯಿತು, ಹಣ ಹೊಂದಲಿಲ್ಲ. 2022ರಲ್ಲಿ ಮಗ ಮೂರು ಲಕ್ಷ ತಂದ. ಸಾವಕಾರ ನಕ್ಕುಬಿಟ್ಟ: 'ಮೂರು ವರ್ಷದ ಹಿಂದ ಮುದ್ದತ್ ಮುಗದೈತಿ.'

ಈಗ ಪ್ರಶ್ನೆ: ಈ ಕಾಗದ ಮಾರಾಟವೋ, ಅಡಮಾನವೋ? ಉತ್ತರದ ಮೇಲೆ ಎಷ್ಟು ನಿಂತಿದೆ ನೋಡಿ. ಇದು ಮಾರಾಟ, ಜೊತೆಗೆ ಮರಳಿ ಕೊಳ್ಳುವ ಕರಾರು ಅಂತಾದರೆ ಮುದ್ದತ್ ಅಂದರೆ ಮುದ್ದತ್. ಒಂದು ದಿನ ತಡವಾದರೂ ಮರಳಿ ಕೊಳ್ಳುವ ಹಕ್ಕು ಹೋಯಿತು. ಅಡಮಾನ ಅಂತಾದರೆ ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿ ಕಾಯ್ದೆಯ 61ನೇ ಅನುಚ್ಛೇದ ಮೂವತ್ತು ವರ್ಷ ಕೊಡುತ್ತದೆ. ಬಿಡಿಸಿಕೊಳ್ಳುವ ಹಕ್ಕು ಹುಟ್ಟಿದ ದಿನದಿಂದ ಆ ಎಣಿಕೆ. ನಮ್ಮ ಉದಾಹರಣೆಯಲ್ಲಿ ಐದು ವರ್ಷದ ಕೊನೆಯಿಂದ ಎಣಿಸಿದರೆ 2049ರ ತನಕ. ಸಾವಕಾರ ನಕ್ಕದ್ದು ಬಹಳ ಬೇಗ ಆಯಿತು, ಅಲ್ವಾ?

ಹಾಗಾದರೆ 'ಕೊಡದಿದ್ದರೆ ಖರೀದಿ ಕಾಯಂ' ಅಂತ ನೇಕಾರನೇ ಸಹಿ ಹಾಕಿ ಬರೆದುಕೊಟ್ಟಿದ್ದಾನಲ್ಲ, ಅದಕ್ಕೆ ಬೆಲೆ ಇಲ್ಲವೇ? ಅಡಮಾನ ಅಂತ ಸಾಬೀತಾದರೆ ಆ ಸಾಲು ತಾನಾಗಿಯೇ ಮನೆಯನ್ನು ಸಾವಕಾರನಿಗೆ ಕೊಡುವುದಿಲ್ಲ. 67ನೇ ಕಲಮಿನ ಪ್ರಕಾರ ಅವನು ಕೋರ್ಟಿಗೆ ಹೋಗಿ, ಇನ್ನು ಮುಂದೆ ಬಿಡಿಸಿಕೊಳ್ಳುವ ಹಕ್ಕಿಲ್ಲ ಅಂತ ಡಿಕ್ರಿ ತರಬೇಕು. ಇದಕ್ಕೆ ಫೋರ್‌ಕ್ಲೋಸರ್ ಅನ್ನುತ್ತಾರೆ. ಅಲ್ಲಿಯವರೆಗೆ 60ನೇ ಕಲಮಿನ ಹಕ್ಕು ಜೀವಂತ. ಒಮ್ಮೆ ಒತ್ತಿ ಅಂದರೆ ಯಾವಾಗಲೂ ಒತ್ತಿ ಅಂತ ವಕೀಲರು ಹೇಳುವುದು ಇದನ್ನೇ. ಸಾಲ ಕೊಡುವ ಗಳಿಗೆಯಲ್ಲೇ ಬರೆಸಿಕೊಂಡ ಷರತ್ತಿನಿಂದ ಆ ಹಕ್ಕನ್ನು ಕಟ್ಟಿಹಾಕಲು ಬರುವುದಿಲ್ಲ.

ಸರಿ, ಗುರುತಿಸುವುದು ಹೇಗೆ? ಮೊದಲ ಜರಡಿ ತುಂಬಾ ಸರಳ. ಷರತ್ತು ಯಾವ ಕಾಗದದಲ್ಲಿದೆ ಅಂತ ನೋಡಿ. 1929ರ ತಿದ್ದುಪಡಿಯಿಂದ 58(ಸಿ)ಗೆ ಒಂದು ಬಾಲ ಸೇರಿತು, 1930ರ ಏಪ್ರಿಲ್ 1ರಿಂದ ಜಾರಿ. ಮಾರಾಟ ಮಾಡುವ ಪತ್ರದಲ್ಲೇ ಆ ಷರತ್ತು ಇರದಿದ್ದರೆ ಅದನ್ನು ಅಡಮಾನ ಅಂತ ಎಣಿಸಬಾರದು ಅಂತ ಅದು ಹೇಳುತ್ತದೆ. ಅದಕ್ಕಿಂತ ಮೊದಲು ಎರಡು ಕಾಗದ ಇದ್ದರೂ ಜೋಡಿಸಿ ಓದಿ, ಇದು ಸಾಲವೋ ಮಾರಾಟವೋ ಅಂತ ವಾದ ಬೆಳೆಯುತ್ತಿತ್ತು. ಈಗ ಒಂದೇ ದಿನ, ಒಂದೇ ಮೇಜಿನ ಮೇಲೆ, ಒಂದೇ ಪೆನ್ನಿನಲ್ಲಿ ಎರಡು ಕಾಗದ ಬರೆದು, ಒಂದರಲ್ಲಿ ಖರೀದಿ, ಇನ್ನೊಂದರಲ್ಲಿ ಮರಳಿ ಕೊಡುವ ಕರಾರು ಮಾಡಿದರೆ 58(ಸಿ)ಯ ಬಾಗಿಲು ಮುಚ್ಚಿತು. ಸಾವಕಾರರಿಗೆ ಇದು ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಎರಡು ಕಾಗದದ ಚಾಳಿ ಬಿದ್ದಿದೆ. ಆ ಖರೀದಿ ಬರೀ ತೋರಿಕೆಗೆ, ಜಾರಿಗೆ ತರುವ ಉದ್ದೇಶವೇ ಇರಲಿಲ್ಲ ಅಂತ ಸಾಬೀತು ಮಾಡುವ ದಾರಿ ಉಳಿದಿದೆ. ಆದರೆ ಅದು ಬೇರೆ ದಾರಿ, ಕಷ್ಟದ ದಾರಿ.

ಇಲ್ಲಿ ಪರೀಕ್ಷೆಯ ಮೊದಲ ಬಲೆ. 'ಮಾರಾಟ ಪತ್ರ ಮತ್ತು ಮರು ಖರೀದಿ ಕರಾರು ಒಂದೇ ದಿನ ಬೇರೆ ಬೇರೆ ಪತ್ರಗಳಲ್ಲಿ ಆಗಿದ್ದರೆ ಅದು ಷರತ್ತು ಮಾರಾಟದ ಅಡಮಾನ.' ಒಂದೇ ದಿನ ಅನ್ನುವ ಮಾತು ನಿಮ್ಮನ್ನು ಎಳೆಯುತ್ತದೆ. ದಿನ ಮುಖ್ಯ ಅಲ್ಲ, ಕಾಗದ ಮುಖ್ಯ.

ಎರಡನೇ ಬಲೆ ಇದರ ತಲೆಕೆಳಗು. 'ಷರತ್ತು ಅದೇ ಪತ್ರದಲ್ಲಿ ಇದ್ದರೆ ಅದು ಯಾವಾಗಲೂ ಅಡಮಾನ.' ಓದಿದ ಹುಡುಗರು ಬೀಳುವುದು ಇದರಲ್ಲಿ. ಬೇರೆ ಪತ್ರದಲ್ಲಿದ್ದರೆ ಅಡಮಾನ ಆಗುವುದಿಲ್ಲ, ನಿಜ. ಆದರೆ ಅದೇ ಪತ್ರದಲ್ಲಿದ್ದರೆ ಆಗಲೇಬೇಕು ಅಂತೇನಿಲ್ಲ. ಜರಡಿ ದಾಟಿತು, ಅಷ್ಟೇ. ಆಮೇಲೆ ಉದ್ದೇಶ ನೋಡಬೇಕು. ಸುಪ್ರೀಂ ಕೋರ್ಟ್ 1954ರ ಚುಂಚುನ್ ಝಾ ಪ್ರಕರಣದಲ್ಲಿ ಮತ್ತು ಅದರ ನಂತರ ಭಾಸ್ಕರ್ ವಾಮನ್ ಜೋಶಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಎರಡರಲ್ಲೂ ಪತ್ರದ ಮೇಲೆ ಮಾರಾಟ ಅಂತಲೇ ಇತ್ತು, ಎರಡನ್ನೂ ಕೋರ್ಟ್ ಅಡಮಾನ ಅಂತ ತೀರ್ಮಾನಿಸಿತು. 'ಆಯ್ಕೆಯಲ್ಲಿ ಯಾವಾಗಲೂ, ಎಂದಿಗೂ ಅಂತ ಇದ್ದರೆ ತಪ್ಪು' ಅಂತ ಕೆಲವರು ಸೂತ್ರ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ಬೇರೆ ಪತ್ರದ ವಿಷಯದಲ್ಲಿ 'ಎಂದಿಗೂ ಅಡಮಾನ ಅಲ್ಲ' ಅನ್ನುವುದೇ ಸರಿ ಉತ್ತರ.

ಉದ್ದೇಶ ನೋಡುವುದು ಅಂದರೆ ನ್ಯಾಯಾಧೀಶರು ಸಾವಕಾರನ ಮನಸ್ಸಿನೊಳಗೆ ಇಣುಕುವುದಲ್ಲ. ಮೊದಲು ಪತ್ರದ ಮಾತು, ಅದರಲ್ಲಿ ಅನುಮಾನ ಬಂದರೆ ಸುತ್ತಲಿನ ಸಂಗತಿ. ನಮ್ಮ ನೇಕಾರನ ಮನೆಗೇ ಹೋಗೋಣ.

ಬೆಲೆ ನೋಡಿ. ಒಂಬತ್ತು ಲಕ್ಷದ ಮನೆಯನ್ನು ತಲೆ ನೆಟ್ಟಗಿರುವ ಯಾರೂ ಮೂರು ಲಕ್ಷಕ್ಕೆ ಮಾರುವುದಿಲ್ಲ. ಆದರೆ ಒಂಬತ್ತು ಲಕ್ಷದ ಮನೆಯ ಮೇಲೆ ಮೂರು ಲಕ್ಷ ಸಾಲ ಕೊಡುವವರು ಇದ್ದಾರೆ. ಮರಳಿ ಕೊಡುವ ಹಣವೂ ಅದೇ ಮೂರು ಲಕ್ಷ. ನಿಜವಾಗಿ ಮಾರಿದ್ದರೆ ಐದು ವರ್ಷದಲ್ಲಿ ಏರಿದ ಬೆಲೆಯನ್ನು ಕೊಂಡವನು ಯಾಕೆ ಬಿಟ್ಟುಕೊಡುತ್ತಾನೆ?

ಇನ್ನು ಆ 'ಬಾಡಿಗೆ'. ನನಗೆ ಈ ಲೆಕ್ಕ ಮಾಡುವುದೆಂದರೆ ಇಷ್ಟ. ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ 36,000. ಮೂರು ಲಕ್ಷಕ್ಕೆ 36,000 ಅಂದರೆ ನೂರಕ್ಕೆ ಹನ್ನೆರಡು. ಊರ ಮಾತಿನಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಇಷ್ಟು ನೇರವಾಗಿ ಕೂಡಿಬರುವ ಬಾಡಿಗೆ ಬಾಡಿಗೆಯಲ್ಲ. ಅಕ್ಕಪಕ್ಕದ ಅಂಥದೇ ಮನೆಗೆ ಎಷ್ಟು ಬಾಡಿಗೆ ಇದೆ ಅಂತ ವಿಚಾರಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಗುತ್ತಿಗೆಯ ಅಂಗಿ ತೊಟ್ಟುಕೊಂಡು ಬಡ್ಡಿ ಕೂತಿದೆ. ಪರೀಕ್ಷೆಯಲ್ಲಿ ಹೀಗೆ ಬರುತ್ತದೆ: 'ಮಾರಿದವನು ಬಾಡಿಗೆ ಚೀಟಿ ಬರೆದುಕೊಟ್ಟಿರುವುದರಿಂದ ಅವನು ಗುತ್ತಿಗೆದಾರ, ಆದ್ದರಿಂದ ಮಾಲೀಕತ್ವ ಕೊಂಡವನದು.' ಆ 'ಆದ್ದರಿಂದ' ಸರಿಯಲ್ಲ. ಬಾಡಿಗೆ ಚೀಟಿ ಒಂದು ಸುಳಿವು ಮಾತ್ರ, ಎರಡೂ ಕಡೆ ವಾಲಬಹುದಾದ ಸುಳಿವು.

ಮನೆಪಟ್ಟಿ ಯಾರು ತುಂಬಿದರು? ನೇಕಾರ. ಸಿ.ಟಿ.ಎಸ್. ಉತಾರದಲ್ಲಿ, ಅಂದರೆ ನಗರ ಭೂಮಾಪನದ ಆಸ್ತಿ ದಾಖಲೆಯಲ್ಲಿ, ಯಾರ ಹೆಸರು ಉಳಿಯಿತು? ಸಾವಕಾರ ಎಂಟು ವರ್ಷ ಹೆಸರು ಬದಲಿಸಿಕೊಳ್ಳಲು ಅರ್ಜಿಯನ್ನೇ ಕೊಡದೆ ಕೂತಿದ್ದರೆ, ಕೊಂಡವನ ನಡತೆ ಅದಲ್ಲ. ಮನೆ ಕೊಂಡವನು ಮಾರನೇ ವಾರವೇ ಉತಾರದಲ್ಲಿ ಹೆಸರು ಹಚ್ಚಿಸಲು ಓಡುತ್ತಾನೆ. ನಮ್ಮ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇವೆಲ್ಲ ಸೇರಿದರೆ ನನ್ನ ಅಭಿಪ್ರಾಯದಲ್ಲಿ ಇದು ಅಡಮಾನ. ಒಂದೊಂದನ್ನೇ ಬಿಡಿಯಾಗಿ ಹಿಡಿದರೆ ಎದುರಿನವರು ಮುರಿಯುತ್ತಾರೆ. 'ಬೆಲೆ ಕಡಿಮೆ ಯಾಕೆಂದರೆ ಅರ್ಜೆಂಟಿತ್ತು', 'ಪಟ್ಟಿ ತುಂಬಿದ್ದು ಬಾಡಿಗೆದಾರ ಅಂತ ಒಪ್ಪಿದ್ದಕ್ಕೆ' ಅಂತ ಹೇಳುತ್ತಾರೆ. ಒಟ್ಟಿಗೆ ಕಟ್ಟಿದರೆ ಮುರಿಯುವುದು ಕಷ್ಟ.

ಈಗ ಮೊದಲು ಕೇಳಿದ ಸಾಕ್ಷಿಯ ಪ್ರಶ್ನೆಗೆ ಮರಳಿ ಬನ್ನಿ. ಈ ಕಾಗದವನ್ನು ಖರೀದಿ ಅಂತ ಬರೆದಿದ್ದಾರೆ. ಖರೀದಿಗೆ ಸಾಕ್ಷಿ ಕಡ್ಡಾಯ ಅಲ್ಲ. ಸಾಕ್ಷಿದಾರರ ಸಹಿ ಇರದೆ ಬರೀ ನೋಂದಣಿ ಆಗಿದ್ದರೆ ಅದು ಮಾರಾಟವಾಗಿ ನಿಲ್ಲುತ್ತದೆ. ಆದರೆ ನೇಕಾರ ಅದನ್ನು ಅಡಮಾನ ಅನ್ನುತ್ತಿದ್ದಾನೆ. ಸಾಲದ ಮೊತ್ತ ನೂರು ರೂಪಾಯಿ ದಾಟಿದ ಅಡಮಾನಕ್ಕೆ 59ನೇ ಕಲಂ ನೋಂದಣಿಯ ಜೊತೆ ಇಬ್ಬರು ಸಾಕ್ಷಿ ಕೇಳುತ್ತದೆ, ಹಕ್ಕುಪತ್ರ ಠೇವಣಿ ಇಟ್ಟು ಮಾಡುವ ಅಡಮಾನ ಒಂದನ್ನು ಬಿಟ್ಟು. ಹಾಗಾಗಿ ಕೊನೆಯ ಪುಟದ ಆ ಎರಡು ಸಹಿ, ರೂಢಿಗೆ ಅಂತ ಹಾಕಿಸಿದ ಸಹಿ, ನೇಕಾರನ ಕೇಸಿನ ಆಧಾರವಾಗುತ್ತದೆ. ಪಠ್ಯದಲ್ಲಿ 'ಸಾಕ್ಷೀಕರಣ: ಮಾರಾಟ ಇಲ್ಲ, ಅಡಮಾನ ಹೌದು' ಅಂತ ಕೋಷ್ಟಕ ಹಾಕಿ ಬಾಯಿಪಾಠ ಮಾಡಿದರೆ ಇದು ಕಾಣುವುದಿಲ್ಲ.

ಇನ್ನೊಂದು ಆಯ್ಕೆ, ಇದು ಮಾರಾಟದ ಕಡೆಯದು. 'ಪೂರ್ತಿ ಬೆಲೆ ಸಂದಾಯ ಆಗದೆ ಮಾರಾಟ ಪೂರ್ಣವಾಗುವುದಿಲ್ಲ.' ಹತ್ತರಲ್ಲಿ ಏಳು ಮಂದಿ ಹೌದು ಅನ್ನುತ್ತಾರೆ. 54ನೇ ಕಲಮಿನ ಮಾತು ಹಾಗಿಲ್ಲ. ಬೆಲೆ ಕೊಟ್ಟಿರಬಹುದು, ಕೊಡುವ ಮಾತು ಆಡಿರಬಹುದು, ಅರ್ಧ ಕೊಟ್ಟು ಅರ್ಧದ ಮಾತು ಆಡಿರಬಹುದು. ಬಾಕಿ ಉಳಿದ ಹಣಕ್ಕೆ ಮಾರಿದವನಿಗೆ ಆ ಆಸ್ತಿಯ ಮೇಲೆ ಭಾರ ಇರುತ್ತದೆ, 55(4)(ಬಿ). ಹಣ ಬಾಕಿ ಅಂದ ಮಾತ್ರಕ್ಕೆ ಮಾರಾಟ ತಾನಾಗಿ ಬಿದ್ದುಹೋಗುವುದಿಲ್ಲ. ಈ ತಪ್ಪು ಎಲ್ಲಿಂದ ಬಂತು ಅಂದರೆ, ನಾವು ಇಸಾರ ಪತ್ರವನ್ನೂ ಖರೀದಿ ಪತ್ರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಇಸಾರ ಕೊಟ್ಟರೆ ಆಸ್ತಿಯಲ್ಲಿ ಯಾವ ಹಿತವೂ ಬರುವುದಿಲ್ಲ, ಅದು ಬರೀ ಮಾರುವ ಕರಾರು. ಇಸಾರದ ಕಥೆಯನ್ನು ಖರೀದಿಯ ಮೇಲೆ ಹೊರಿಸಿದಾಗ ಈ ಆಯ್ಕೆ ಹುಟ್ಟುತ್ತದೆ.

ದಾನದ ಬಗ್ಗೆ ಜಾಸ್ತಿ ಹೇಳಲಿಲ್ಲ ಅಂತ ನೀವು ಅಂದುಕೊಳ್ಳುತ್ತಿರಬಹುದು. ಹೇಳುವ ಮೊದಲೇ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತರು.

'ಸರ್, ಆ ನೇಕಾರ ಮನೆ ಒತ್ತಿ ಇದ್ದಾಗಲೇ ಮಗಳಿಗೆ ದಾನ ಕೊಟ್ಟರೆ ನಡೀತದೇನ್ರಿ?'

ನಡೆಯುತ್ತದೆ. ಅಡಮಾನದಲ್ಲಿ ಹೋದದ್ದು ಹಿತ ಮಾತ್ರ. ಮಾಲೀಕತ್ವ ನೇಕಾರನ ಹತ್ತಿರವೇ ಇದೆ, ಇರುವುದನ್ನು ಅವನು ದಾನ ಕೊಡಬಹುದು. ಮಗಳು ಮನೆಯನ್ನು ಸಾಲದ ಭಾರದ ಸಮೇತ ಪಡೆಯುತ್ತಾಳೆ. ಬಿಡಿಸಿಕೊಳ್ಳುವ ಹಕ್ಕೂ ಅವಳ ಕೈಗೆ ಬರುತ್ತದೆ, 91ನೇ ಕಲಂ ಅದಕ್ಕೆ ಜಾಗ ಮಾಡಿಕೊಟ್ಟಿದೆ. 'ಅಡಮಾನದಲ್ಲಿರುವ ಆಸ್ತಿಯನ್ನು ದಾನ ಮಾಡುವಂತಿಲ್ಲ' ಅನ್ನುವ ಆಯ್ಕೆ ತಪ್ಪು. ಅದೇ ಕಾಗದ ನಿಜವಾದ ಮಾರಾಟ ಅಂತಾಗಿದ್ದರೆ ಮನೆಯನ್ನು ದಾನ ಕೊಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಅವರು ಕೂಡಲಿಲ್ಲ. 'ಅಪ್ಪ ಅದೇ ಮನಿಯಾಗ ಇದ್ದರ, ಕಬ್ಜಾ ಕೊಟ್ಟಂಗ ಆಗಲಿಲ್ಲಲ್ಲ ಸರ್?'

ಒಳ್ಳೆಯ ಪ್ರಶ್ನೆ. ನೋಂದಾಯಿತ ದಾನಕ್ಕೆ ಕಬ್ಜಾ ಕೊಡುವುದು ಕಡ್ಡಾಯ ಅಲ್ಲ. ರೆಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ದಾನ ಕೊಟ್ಟವರು ತಾವು ಬದುಕಿರುವವರೆಗೆ ಅನುಭವಿಸುವ ಹಕ್ಕನ್ನು ಇಟ್ಟುಕೊಂಡಿದ್ದರು. ಆದರೆ ಮಗಳು ಒಪ್ಪಿಕೊಂಡಿರಬೇಕು, ಅದೂ ಅಪ್ಪ ಬದುಕಿದ್ದಾಗ, ಅವನಿಗೆ ಕೊಡುವ ಶಕ್ತಿ ಇದ್ದಾಗ. ಬೆಳಿಗ್ಗೆ ಪತ್ರ ನೋಂದಣಿ ಮಾಡಿಸಿ ಸಂಜೆ ಅಪ್ಪ ತೀರಿಕೊಂಡು, ಮಗಳು ಒಪ್ಪಿದ್ದು ಮಾರನೇ ದಿನ ಅಂತಾದರೆ ದಾನ ಇಲ್ಲ. ಆಯ್ಕೆಗಳಲ್ಲಿ ಒಪ್ಪಿಗೆಯ ಜಾಗಕ್ಕೆ ಕಬ್ಜಾ ತಂದು ಕೂರಿಸುತ್ತಾರೆ. ಚರಾಸ್ತಿಯನ್ನು ಕಾಗದವಿಲ್ಲದೆ ಕೊಡುವಾಗ ಕಬ್ಜಾ ಬೇಕಲ್ಲ, ಆ ಪಾತ್ರೆ ಅಲ್ಲಿಂದ ಬಂದದ್ದು.

ಕಾರ್ಯಕ್ರಮ ಮುಗಿದು ಕುರ್ಚಿ ಎತ್ತುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಮೊಮ್ಮಗಳ ಜೊತೆ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

'ವಕೀಲ ಸಾಹೇಬರ, ನಮ್ಮವು ಎರಡ ಕಾಗದ ಅದಾವ್ರಿ. ನೀವು ಎರಡ ಕಾಗದ ಇದ್ದರ ಮುಗೀತು ಅಂದ್ರಿ.'

ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಮಡಿಕೆಯ ಗೆರೆಯಲ್ಲಿ ಹರಿದಿದ್ದವು. ಮೊದಲು ಚಿಕ್ಕದನ್ನು ಓದಿದೆ. ಅದು ಬಾಡಿಗೆ ಚೀಟಿ, ಅದರಲ್ಲಿ ಮರಳಿ ಕೊಡುವ ಮಾತೇ ಇಲ್ಲ. ದೊಡ್ಡದನ್ನು ತಿರುವಿದೆ. ನಾಲ್ಕನೇ ಪುಟದ ಕೆಳಗೆ, 'ಸದರಿ ಮುದ್ದತ್ತಿನೊಳಗೆ' ಅಂತ ಶುರುವಾಗುವ ಮೂರು ಸಾಲು. ಷರತ್ತು ಖರೀದಿ ಪತ್ರದೊಳಗೇ ಇತ್ತು.

'ಅಜ್ಜಾರ, ಕಾಗದ ಎಷ್ಟು ಅಂತ ಅಲ್ಲ. ಷರತ್ತು ಯಾವುದರಾಗ ಐತಿ ಅಂತ ನೋಡಬೇಕು. ನಿಮ್ಮದು ಇದರಾಗ ಐತಿ' ಅಂತ ತೋರಿಸಿದೆ. ಕೊನೆಯ ಪುಟ ತೆಗೆದೆ. ಒಂದು ಸಹಿ, ಒಂದು ಹೆಬ್ಬೆಟ್ಟು, ಎರಡರ ಮೇಲೂ 'ಸಾಕ್ಷಿದಾರರು' ಅಂತ ಇತ್ತು.

'ಇವರು ಯಾರ್ರಿ?'

'ಒಬ್ಬಾವ ತೀರ್ಕೊಂಡಾನ್ರಿ. ಹೆಬ್ಬೆಟ್ಟು ನಮ್ಮ ಅಳಿಯಂದು, ಅದಾನ.'

ಸೋಮವಾರ ಅಳಿಯನನ್ನೂ, ಮನೆಪಟ್ಟಿಯ ಪಾವತಿಗಳನ್ನೂ, ಸಿ.ಟಿ.ಎಸ್. ಉತಾರವನ್ನೂ ತರಲು ಹೇಳಿದೆ. ಮೊಮ್ಮಗಳು ಮೊಬೈಲಿನಲ್ಲಿ ಮೂರನ್ನೂ ಬರೆದುಕೊಂಡಳು.